ಮಧ್ಯಾಹ್ನ ಎರಡು ಪ್ಲಸ್, ಬೆಳಿಗ್ಗೆ ನಿಲ್: ಉಡುಪಿಯ ಹುಡುಗನೊಬ್ಬನ ಮೂತ್ರ ಪರೀಕ್ಷೆಯ ಪ್ರಕರಣ

ಹುಡುಗನಿಗೆ 15 ವರ್ಷ, ಹತ್ತನೇ ಕ್ಲಾಸು. ಮನೆ ಉಡುಪಿ ಪೇಟೆಯಿಂದ ಸ್ವಲ್ಪ ಹೊರಗೆ. ಎತ್ತರ 171 ಸೆಂಟಿಮೀಟರ್, ತೂಕ 52 ಕೆಜಿ. ಒಂದೇ ವರ್ಷದಲ್ಲಿ ಸರ್ರನೆ ಬೆಳೆದ ಸಪೂರ ಹುಡುಗ, ವಾಲಿಬಾಲ್ ಚೆನ್ನಾಗಿ ಆಡುತ್ತಾನೆ. ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಮೂತ್ರಕ್ಕೆ ಪಟ್ಟಿ ಅದ್ದಿ ನೋಡಿದಾಗ ಪ್ರೋಟೀನ್ ಎರಡು ಪ್ಲಸ್ ಬಂತು. ಅಲ್ಲಿಂದ ಶುರು. (ಅವನ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ, ತಂದೆತಾಯಿಯ ಒಪ್ಪಿಗೆ ಉಂಟು.)

ನನ್ನ ಕ್ಲಿನಿಕ್ಕಿಗೆ ಬರುವಾಗ ಅವರ ಕೈಯಲ್ಲಿ ಮೂರು ರಿಪೋರ್ಟ್ ಇತ್ತು. ಶಾಲೆಯದ್ದು ಎರಡು ಪ್ಲಸ್. ವಾರ ಬಿಟ್ಟು ಲ್ಯಾಬಿನಲ್ಲಿ ಮಾಡಿಸಿದ್ದು ಮತ್ತೆ ಎರಡು ಪ್ಲಸ್. ಮೂರನೆಯದನ್ನು "ಬೆಳಗಿನ ಮೊದಲ ಮೂತ್ರವೇ ಬೇಕು" ಅಂತ ಹೇಳಿ ಮಾಡಿಸಿದ್ದು, ಅದೂ ಒಂದು ಪ್ಲಸ್, ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 0.45. ಈ ಅನುಪಾತ 0.2ರ ಒಳಗೆ ಇದ್ದರೆ ಸರಿ ಅಂತ ಲೆಕ್ಕ. ಬೆಳಗಿನ ಮೂತ್ರದಲ್ಲೂ ಪ್ರೋಟೀನ್ ಇದೆ ಅಂದ ಮೇಲೆ, ನೋಡಿದ ಕಡೆ ಕಿಡ್ನಿ ಬಯಾಪ್ಸಿ ಮಾತು ಬಂದಿತ್ತು.

ಮನೆಯವರ ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಹುಡುಗನ ಸೋದರಮಾವನಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಮ್ಮನ ಮೊದಲ ಪ್ರಶ್ನೆಯೇ ಅದು: "ಅಣ್ಣನ ಹಾಗೆ ಇವನಿಗೂ ಆಗ್ಲಿಕ್ಕೆ ಉಂಟಾ ಡಾಕ್ಟ್ರೇ?" ಅಷ್ಟರಲ್ಲಿ ಮನೆಯಲ್ಲಿ ಹುಡುಗನಿಗೆ ಉಪ್ಪು ಬಂದ್, ಮೀನು ಬಂದ್, ಮೊಟ್ಟೆ ಬಂದ್, ವಾಲಿಬಾಲ್ ಬಂದ್. ಬಂಗುಡೆ ಸಾರಿನ ಮನೆಯಲ್ಲಿ ಅವನೊಬ್ಬನಿಗೆ ಮಾತ್ರ ಉಪ್ಪಿಲ್ಲದ ಗಂಜಿ. ಎರಡು ಕೆಜಿ ಇಳಿದಿದ್ದ.

ಮೈ ನೋಡಿದರೆ ಏನೂ ಇಲ್ಲ. ಕಣ್ಣ ಸುತ್ತ, ಕಾಲಲ್ಲಿ ಬಾವು ಇಲ್ಲ. ಬಿಪಿ 112/70. ಮೂತ್ರ ನೊರೆ ನೊರೆ ಬರುವುದಿಲ್ಲ, ಕೆಂಪಾಗಿ ಹೋದದ್ದಿಲ್ಲ. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣ ಇಲ್ಲ. ರಕ್ತದ ಕ್ರಿಯಾಟಿನಿನ್ 0.7, ಆಲ್ಬುಮಿನ್ 4.3, ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಸರಿ. ಮಾವನ ಕಿಡ್ನಿ ಹಾಳಾಗಿದ್ದು ಸಕ್ಕರೆ ಕಾಯಿಲೆಯಿಂದ, ಅದಕ್ಕೂ ಈ ಹುಡುಗನಿಗೂ ಸಂಬಂಧ ಕಾಣಲಿಲ್ಲ.

ಇಷ್ಟೆಲ್ಲ ಸರಿ ಇರುವ, ಎತ್ತರದ, ಸಪೂರ ಹದಿಹರೆಯದ ಹುಡುಗನ ಮೂತ್ರದಲ್ಲಿ ಪ್ರೋಟೀನ್ ಕಂಡರೆ ನಾನು ಪ್ಲಸ್ ಎಷ್ಟು ಅಂತ ಮೊದಲು ನೋಡುವುದಿಲ್ಲ. ಗಂಟೆ ಎಷ್ಟು ಅಂತ ನೋಡುತ್ತೇನೆ. ರಿಪೋರ್ಟಿನ ಮೇಲೆ ಮಾದರಿ ತೆಗೆದ ಹೊತ್ತು ಸಣ್ಣ ಅಕ್ಷರದಲ್ಲಿ ಇರುತ್ತದೆ, ಯಾರೂ ಅದನ್ನು ಓದುವುದಿಲ್ಲ. ಶಾಲೆಯದ್ದು ಬೆಳಿಗ್ಗೆ 11.30. ಎರಡನೆಯದು ಶಾಲೆ ಬಿಟ್ಟ ಮೇಲೆ, ಸಂಜೆ 4.40. ಮೂರನೆಯ, ಆ "ಬೆಳಗಿನ ಮೊದಲ ಮೂತ್ರ" ಅಂದದ್ದು 8.50. ಹುಡುಗ ಏಳುವುದು ಆರೂವರೆಗೆ. ಹಾಗಾದರೆ ಆರೂವರೆಗೆ ಹೋದ ಮೂತ್ರ ಎಲ್ಲಿ ಹೋಯಿತು? ಕೇಳಿದೆ. ಎದ್ದ ಕೂಡಲೇ ಮನೆಯಲ್ಲೇ ಹೋಗಿ ಬಂದಿದ್ದ, ಆಮೇಲೆ ಸ್ನಾನ ಮಾಡಿ, ಬಸ್ಸು ಹಿಡಿದು, ನಿಂತುಕೊಂಡೇ ಪೇಟೆಗೆ ಬಂದು, ಲ್ಯಾಬಿನ ಕ್ಯೂನಲ್ಲಿ ನಿಂತು, ಅಲ್ಲಿ ಕೊಟ್ಟ ಡಬ್ಬಿಯಲ್ಲಿ ಮಾದರಿ ಕೊಟ್ಟಿದ್ದ. ಲ್ಯಾಬಿನವರ ಲೆಕ್ಕದಲ್ಲಿ ಅದು ಬೆಳಗಿನ ಮಾದರಿಯೇ. ಕಿಡ್ನಿಯ ಲೆಕ್ಕದಲ್ಲಿ ಅದು ಎರಡು ಗಂಟೆಗೂ ಹೆಚ್ಚು ನಿಂತು, ನಡೆದು ತಯಾರಾದ ಮೂತ್ರ. ಅಂದರೆ ಅವನು ಮಲಗಿದ್ದಾಗ ತಯಾರಾದ ಮೂತ್ರವನ್ನು ಅಲ್ಲಿಯವರೆಗೆ ಯಾರೂ ನೋಡಿಯೇ ಇರಲಿಲ್ಲ.

ಇದು ತುಂಬ ಸಾಮಾನ್ಯ. ಮಕ್ಕಳು ಶಾಲೆಗೆ ಹೋಗುತ್ತಾರೆ, ಡಾಕ್ಟ್ರು ಸಂಜೆ ಸಿಗುತ್ತಾರೆ, ಹಾಗಾಗಿ ಪರೀಕ್ಷೆ ಯಾವಾಗಲೂ ಹಗಲಿನದ್ದೇ. ಹತ್ತು ಸಲ ಮಾಡಿಸಿದರೂ ಹತ್ತೂ ಪಾಸಿಟಿವ್ ಬರಬಹುದು, ಆದರೆ ಅದು ಒಂದೇ ವಿಷಯವನ್ನು ಹತ್ತು ಸಲ ಹೇಳಿದ ಹಾಗೆ.

ಈ ಹುಡುಗನಲ್ಲಿ ನನಗೆ ಅನುಮಾನ ಬಂದದ್ದು ಆರ್ಥೋಸ್ಟಾಟಿಕ್ ಪ್ರೋಟೀನೂರಿಯಾ. ಅಂದರೆ ಇಷ್ಟೇ: ನಿಂತಾಗ, ಓಡಾಡುವಾಗ ಮೂತ್ರದಲ್ಲಿ ಪ್ರೋಟೀನ್ ಜಾಸ್ತಿ ಹೋಗುತ್ತದೆ, ಮಲಗಿದಾಗ ಪೂರ್ತಿ ಸರಿ ಆಗುತ್ತದೆ. ಹದಿಹರೆಯದಲ್ಲೇ ಇದು ಹೆಚ್ಚು, ಮೂವತ್ತು ದಾಟಿದವರಲ್ಲಿ ಅಪರೂಪ. ಕಾರಣ ಒಂದೇ ಅಲ್ಲ. ನಿಂತ ಕೂಡಲೇ ಎಲ್ಲರಲ್ಲೂ ರಕ್ತನಾಳ ಬಿಗಿ ಮಾಡುವ ಹಾರ್ಮೋನುಗಳು ಏರುತ್ತವೆ, ಕೆಲವರ ಕಿಡ್ನಿ ಅದಕ್ಕೆ ಸ್ವಲ್ಪ ಜಾಸ್ತಿ ಸ್ಪಂದಿಸುತ್ತದೆ. ಇನ್ನೊಂದು ಕಾರಣ ಎಡ ಕಿಡ್ನಿಯ ಅಭಿಧಮನಿ. ಅದು ಹೊಟ್ಟೆಯೊಳಗೆ ಎರಡು ದೊಡ್ಡ ಅಪಧಮನಿಗಳ ನಡುವಿನಿಂದ ಹಾದು ಬರಬೇಕು. ಸಪೂರ ಮಕ್ಕಳಲ್ಲಿ ಆ ಸಂದು ಇಕ್ಕಟ್ಟು. ನಿಂತಾಗ, ತೋಟದ ಪೈಪಿನ ಮೇಲೆ ಕಾಲಿಟ್ಟ ಹಾಗೆ, ಅಭಿಧಮನಿ ಸ್ವಲ್ಪ ಒತ್ತಿ ಹಿಂದೆ ಒತ್ತಡ ಏರುತ್ತದೆ, ಸೋಸುವ ಜಾಲರಿಯಿಂದ ಪ್ರೋಟೀನ್ ಜಾರುತ್ತದೆ. ಮಲಗಿದರೆ ಒತ್ತಡ ಇಳಿಯುತ್ತದೆ.

ಇದನ್ನು ಕಾಗದದ ಮೇಲೆ ತೋರಿಸಿಕೊಡಲು ಹಗಲಿನ ಮೂತ್ರವನ್ನು ಒಂದು ಕ್ಯಾನಿನಲ್ಲಿ, ರಾತ್ರಿಯದ್ದನ್ನು ಇನ್ನೊಂದರಲ್ಲಿ ಹಿಡಿಯಬೇಕು. ನಿಜ ಹೇಳಬೇಕೆಂದರೆ ಹೆಚ್ಚಿನ ಮಕ್ಕಳಿಗೆ ಇಷ್ಟು ಬೇಕಾಗುವುದಿಲ್ಲ, ಸರಿಯಾಗಿ ಹಿಡಿದ ಬೆಳಗಿನ ಮೊದಲ ಮೂತ್ರದ ಅನುಪಾತ ಸಾಕು. ಆದರೆ ಇಲ್ಲಿ ಬಯಾಪ್ಸಿ ಮಾತು ಬಂದಾಗಿತ್ತು, "ಬೆಳಗಿನದ್ದು" ಅಂತ ಬರೆದ ಒಂದು ಪಾಸಿಟಿವ್ ರಿಪೋರ್ಟೂ ಇತ್ತು. ಎರಡು ಕ್ಯಾನ್ ಕೊಡೋಣ ಅಂತ ತೀರ್ಮಾನ ಮಾಡಿದೆವು.

ಮೊದಲ ಸಲದ ಲೆಕ್ಕ ಹೀಗೆ ಬಂತು. ಹಗಲಿನ ಕ್ಯಾನ್ 1500 ಎಂಎಲ್, ಅದರಲ್ಲಿ ಪ್ರೋಟೀನ್ ಒಟ್ಟು 540 ಮಿಲಿಗ್ರಾಂ, ಕ್ರಿಯಾಟಿನಿನ್ 675. ರಾತ್ರಿಯ ಕ್ಯಾನ್ 400 ಎಂಎಲ್, ಪ್ರೋಟೀನ್ 80 ಮಿಲಿಗ್ರಾಂ, ಕ್ರಿಯಾಟಿನಿನ್ 368. ರಾತ್ರಿಯ ಎಂಟು ಗಂಟೆಯಲ್ಲಿ 50 ಮಿಲಿಗ್ರಾಂ ಒಳಗೆ ಇರಬೇಕು. 80 ಇದೆ. ಅಮ್ಮ ರಿಪೋರ್ಟ್ ನೋಡಿ, "ರಾತ್ರಿಯೂ ಉಂಟಲ್ಲ ಡಾಕ್ಟ್ರೇ" ಅಂದರು, ಅಪ್ಪ ಮಾತೇ ಆಡಲಿಲ್ಲ.

ಇಲ್ಲಿ ಕ್ರಿಯಾಟಿನಿನ್ ಸಹಾಯಕ್ಕೆ ಬರುತ್ತದೆ. ಎರಡೂ ಕ್ಯಾನಿನಲ್ಲಿ ಅದನ್ನು ಅಳೆಯಿರಿ ಅಂತ ನಾನು ಯಾವಾಗಲೂ ಬರೆದು ಕೊಡುವುದು ಇದಕ್ಕೇ. ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ಕಸ, ಒಬ್ಬ ವ್ಯಕ್ತಿಯಲ್ಲಿ ಅದು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಹೊರಗೆ ಹೋಗುತ್ತದೆ. ಹಾಗಾಗಿ ಕ್ಯಾನಿನಲ್ಲಿ ಎಷ್ಟು ಗಂಟೆಯ ಮೂತ್ರ ಇದೆ ಅಂತ ಅದರಿಂದ ಅಂದಾಜು ಮಾಡಬಹುದು. ಎರಡೂ ಸೇರಿಸಿದರೆ 1043 ಮಿಲಿಗ್ರಾಂ. 52 ಕೆಜಿಗೆ ಭಾಗಿಸಿದರೆ ಕೆಜಿಗೆ 20. ಈ ವಯಸ್ಸಿನ ಹುಡುಗನಿಗೆ ಸರಿಯಾದ ಅಂಕಿ, ಅಂದರೆ ಒಟ್ಟು ಮೂತ್ರ ಎಲ್ಲಿಯೂ ಚೆಲ್ಲಿ ಹೋಗಿಲ್ಲ. ಗಂಟೆಗೆ ಸುಮಾರು 43 ಬೀಳುತ್ತದೆ. ರಾತ್ರಿಯ ಕ್ಯಾನಿನ 368 ಅನ್ನು 43ರಿಂದ ಭಾಗಿಸಿ: ಎಂಟೂವರೆ ಗಂಟೆ.

ಆದರೆ ಅಮ್ಮ ಚೀಟಿಯಲ್ಲಿ ಬರೆದದ್ದು "ಮಲಗಿದ್ದು 11.30, ಎದ್ದದ್ದು 6.30". ಏಳೇ ಗಂಟೆ. ಉಳಿದ ಒಂದೂವರೆ ಗಂಟೆಯ ಮೂತ್ರ ಎಲ್ಲಿಂದ ಬಂತು?

ಹುಡುಗನನ್ನೇ ಕೇಳಿದೆ. ಊಟ ಆಗಿ ಹತ್ತು ಗಂಟೆಗೆ ಮೂತ್ರಕ್ಕೆ ಹೋದದ್ದು ಹಗಲಿನ ಕ್ಯಾನಿಗೆ ಹಾಕಿದ್ದ. ಆಮೇಲೆ ಗಣಿತದ ಟೆಸ್ಟಿಗೆ ಹನ್ನೊಂದೂವರೆವರೆಗೆ ಓದಿದ, ಓಡಾಡುತ್ತಾ ಓದುವ ಅಭ್ಯಾಸ ಬೇರೆ. ನಿದ್ದೆ ಬಂತು, ಹಾಗೇ ಮಲಗಿದ. ಮಲಗುವ ಮುಂಚೆ ಹೋಗಲೇ ಇಲ್ಲ. ಹತ್ತರಿಂದ ಹನ್ನೊಂದೂವರೆವರೆಗೆ ತಯಾರಾದ ಹಗಲಿನ ಮೂತ್ರ ಮೂತ್ರಚೀಲದಲ್ಲೇ ಉಳಿದು ಬೆಳಿಗ್ಗೆ ರಾತ್ರಿಯ ಕ್ಯಾನಿಗೆ ಬಿತ್ತು. ಹಗಲು ಅವನಿಂದ ಗಂಟೆಗೆ ಸುಮಾರು 35 ಮಿಲಿಗ್ರಾಂ ಪ್ರೋಟೀನ್ ಹೋಗುತ್ತದೆ. ಒಂದೂವರೆ ಗಂಟೆಗೆ 52. ಎಂಬತ್ತರಲ್ಲಿ ಅದನ್ನು ಕಳೆದರೆ ಉಳಿಯುವುದು 28. ಚಿತ್ರ ಅಲ್ಲಿಗೇ ಹೆಚ್ಚುಕಮ್ಮಿ ಸ್ಪಷ್ಟ ಆಯಿತು. ಆದರೂ ಕಳೆದು ಕೂಡಿಸಿ ರೋಗ ಇಲ್ಲ ಅಂತ ಹೇಳಬಾರದು. ಕ್ರಿಯಾಟಿನಿನ್ ಲೆಕ್ಕ ಅಂದಾಜಿನದ್ದು, ಅದು ತಪ್ಪು ಎಲ್ಲಾಯಿತು ಅಂತ ತೋರಿಸುತ್ತದೆಯೇ ಹೊರತು ತಪ್ಪಾದ ಮಾದರಿಯನ್ನು ಸರಿ ಮಾಡುವುದಿಲ್ಲ. ಇನ್ನೊಮ್ಮೆ ಹಿಡಿಯಬೇಕು.

ಎರಡನೇ ಸಲ ಭಾನುವಾರ ಇಟ್ಟುಕೊಂಡೆವು, ಹುಡುಗನಿಗೇ ಕೂತು ವಿವರಿಸಿದೆ. ಅಪ್ಪ ಅಮ್ಮನಿಗೆ ಹೇಳಿದರೆ ಅರ್ಧ ಮಾತ್ರ ತಲುಪುತ್ತದೆ, ಕ್ಯಾನ್ ಹಿಡಿಯುವವನು ಅವನೇ ಅಲ್ವಾ. ಬೆಳಿಗ್ಗೆ 6.30ಕ್ಕೆ ಎದ್ದು ಮೂತ್ರಕ್ಕೆ ಹೋಗು, ಅದನ್ನು ಹಿಡಿಯಬೇಡ, ಅದು ಹಿಂದಿನ ರಾತ್ರಿಯದ್ದು. ಅಲ್ಲಿಂದ ಮುಂದೆ ಹೋದದ್ದೆಲ್ಲ ಹಗಲಿನ ಕ್ಯಾನಿಗೆ. ಯಾವಾಗಲೂ ಇರುವ ಹಾಗೇ ಇರು, ನಡಿ, ಕೂತುಕೋ, ಆದರೆ ಹಿಂದಿನ ದಿನ ಮತ್ತು ಅವತ್ತು ಜೋರು ಆಟ ಬೇಡ, ಯಾಕೆಂದರೆ ಜೋರಾಗಿ ಓಡಿದರೆ ಯಾರಿಗೂ ಸ್ವಲ್ಪ ಹೊತ್ತು ಪ್ರೋಟೀನ್ ಹೋಗಬಹುದು. ಜ್ವರ ಬಂದರೆ ಮುಂದಕ್ಕೆ ಹಾಕೋಣ. ರಾತ್ರಿ 8.30ಕ್ಕೆ ಊಟ ಮುಗಿಸಿ ಹಾಸಿಗೆಯಲ್ಲಿ ಮಲಗಿಬಿಡು. ಓದುವುದಿದ್ದರೆ ಮಲಗಿಕೊಂಡೇ ಓದು. 10.30ಕ್ಕೆ ಎದ್ದು ಮೂತ್ರಕ್ಕೆ ಹೋಗಿ ಅದನ್ನೂ ಹಗಲಿನ ಕ್ಯಾನಿಗೇ ಹಾಕಿ, ನೇರ ಬಂದು ಮಲಗು.

"ಮಲಗಿದ ಮೇಲೆ ಹೋದದ್ದು ರಾತ್ರಿಯ ಕ್ಯಾನಿಗೆ ಅಲ್ವಾ ಹಾಕ್ಬೇಕಾದ್ದು?" ಅಂತ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಆ ಎರಡು ಗಂಟೆ ಬಿಡುವುದೇ ಚೀಲದಲ್ಲಿ, ಕಿಡ್ನಿಯಲ್ಲಿ ಉಳಿದ ಹಗಲಿನ ಮೂತ್ರ ಪೂರ್ತಿ ಹೊರಗೆ ಹೋಗಲಿ ಅಂತ. ಅದು ಹಗಲಿನ ಲೆಕ್ಕಕ್ಕೆ ಸೇರಿದರೆ ಹಗಲಿನ ಅಂಕಿ ತುಸು ಕಮ್ಮಿ ಆಗಬಹುದು ಅಷ್ಟೇ, ನಮಗೆ ಶುದ್ಧವಾಗಿ ಬೇಕಾದದ್ದು ರಾತ್ರಿಯದ್ದು. 10.30ರ ನಂತರ ಮಧ್ಯರಾತ್ರಿ ಎದ್ದು ಹೋದರೆ ಅದು ರಾತ್ರಿಯ ಕ್ಯಾನಿಗೆ. ಬೆಳಿಗ್ಗೆ 6.30ಕ್ಕೆ ಎದ್ದ ಕೂಡಲೇ, ಚಹಾ ಇಲ್ಲ, ಹಲ್ಲುಜ್ಜುವುದೂ ಇಲ್ಲ, ಮೊದಲು ಮೂತ್ರ, ಅದು ರಾತ್ರಿಯ ಕ್ಯಾನಿನ ಕೊನೆಯದ್ದು.

ಕ್ಯಾನ್ ಇಡುವುದು ಫ್ರಿಜ್ಜಿನಲ್ಲಿ. ನಮ್ಮ ಕರಾವಳಿಯ ಸೆಖೆಯಲ್ಲಿ ಹೊರಗೆ ಇಟ್ಟ ಮೂತ್ರ ಬೇಗ ಕೆಡುತ್ತದೆ. ಅನ್ನದ ಪಾತ್ರೆ ಪಕ್ಕ ಮೂತ್ರದ ಕ್ಯಾನ್ ಇಡಲು ಅಜ್ಜಿ ಒಪ್ಪದಿದ್ದರೆ ಐಸ್ ತುಂಡು ಹಾಕಿದ ಬಕೆಟಿನಲ್ಲಿ, ನೆರಳಿನಲ್ಲಿ ಇಡಿ ಅಂದೆ. ಲ್ಯಾಬಿನಿಂದ ತರುವಾಗ ಆಸಿಡ್ ಹಾಕಿದ ಕ್ಯಾನ್ ಬೇಡ, ಖಾಲಿ ಕ್ಯಾನ್ ಕೊಡಿ ಅಂತ ಕೇಳಬೇಕು, ಆಸಿಡ್ ಬೇರೆ ಪರೀಕ್ಷೆಗಳಿಗೆ. ಹುಡುಗಿಯರಾದರೆ ಮುಟ್ಟಿನ ದಿನಗಳಲ್ಲಿ ಹಿಡಿಯಲೇಬಾರದು, ರಕ್ತ ಸೇರಿದರೆ ಲೆಕ್ಕವೆಲ್ಲ ಕೆಟ್ಟುಹೋಗುತ್ತದೆ.

ಸೋಮವಾರ ಬಂದ ಫಲಿತಾಂಶ: ಹಗಲಿನ ಕ್ಯಾನ್ 1600 ಎಂಎಲ್, ಪ್ರೋಟೀನ್ 512 ಮಿಲಿಗ್ರಾಂ, ಕ್ರಿಯಾಟಿನಿನ್ 688. ರಾತ್ರಿಯ ಕ್ಯಾನ್ 380 ಎಂಎಲ್, ಪ್ರೋಟೀನ್ 23 ಮಿಲಿಗ್ರಾಂ, ಕ್ರಿಯಾಟಿನಿನ್ 342. ಮತ್ತೆ ಅದೇ ಭಾಗಾಕಾರ ಮಾಡಿ ನೋಡಿ. ಒಟ್ಟು 1030, ಕೆಜಿಗೆ ಹತ್ತಿರ ಹತ್ತಿರ 20, ಅಂದರೆ ಸಂಗ್ರಹ ಪೂರ್ತಿ. ರಾತ್ರಿಯದ್ದು ಸರಿಯಾಗಿ ಎಂಟು ಗಂಟೆಯ ಮೂತ್ರ. ಎಂಟು ಗಂಟೆಗೆ 23 ಮಿಲಿಗ್ರಾಂ, ಮಿತಿಯ ಅರ್ಧಕ್ಕಿಂತ ಕಮ್ಮಿ. ಹಗಲಿನ ಅನುಪಾತ 0.74, ರಾತ್ರಿಯದ್ದು 0.07. ಇಡೀ ದಿನದ ಪ್ರೋಟೀನ್ 535 ಮಿಲಿಗ್ರಾಂ, ಅದೂ ಒಂದು ಗ್ರಾಮಿಗಿಂತ ಕೆಳಗೆ. ಈ ಸ್ಥಿತಿಯಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ.

ಈಗ ಮುಖ್ಯವಾದ ಮಾತು. ರಾತ್ರಿ ಕಮ್ಮಿ ಆದರೆ ಸಾಲದು, ರಾತ್ರಿ ಸರಿ ಆಗಬೇಕು. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ ರಿಪೋರ್ಟ್ ಓದಿದರೆ ಅಪಾಯ. ನಿಜವಾದ ಕಿಡ್ನಿ ರೋಗದಲ್ಲೂ ಮಲಗಿದಾಗ ಪ್ರೋಟೀನ್ ಇಳಿಯುತ್ತದೆ. ಒಂದು ಮಗುವಿನ ಹಗಲಿನ ಹದಿನಾರು ಗಂಟೆಯಲ್ಲಿ 1200 ಮಿಲಿಗ್ರಾಂ, ರಾತ್ರಿಯ ಎಂಟು ಗಂಟೆಯಲ್ಲಿ 180 ಬಂತು ಅಂದುಕೊಳ್ಳಿ. ಗಂಟೆಯ ಲೆಕ್ಕದಲ್ಲಿ 75ರಿಂದ 22ಕ್ಕೆ ಇಳಿದಿದೆ, ಮೂರನೇ ಒಂದು ಭಾಗಕ್ಕಿಂತ ಕಮ್ಮಿ. "ನೋಡಿ ರಾತ್ರಿ ಎಷ್ಟು ಇಳಿದಿದೆ, ಇದು ನಿಂತಾಗ ಬರುವುದೇ" ಅಂತ ಹೇಳಿ ಮನೆಗೆ ಕಳಿಸಿದರೆ ಆ ಮಗುವಿಗೆ ಅನ್ಯಾಯ. 180 ಅಂದರೆ 50ರ ಮೂರೂವರೆ ಪಟ್ಟು. ಆ ಮಗುವಿನ ಜಾಲರಿ ಮಲಗಿದಾಗಲೂ ಸೋರುತ್ತಿದೆ. ಮೊದಲು ಸಂಗ್ರಹ ಸರಿಯಾಗಿತ್ತೇ ಅಂತ ಕ್ರಿಯಾಟಿನಿನ್ ನೋಡಿ, ಸರಿ ಇದ್ದರೆ ಕಿಡ್ನಿ ತಜ್ಞರ ಹತ್ತಿರ ಕಳಿಸಬೇಕು. ಹಾಗೆಯೇ ರಾತ್ರಿಯ ಲೆಕ್ಕ ಸರಿ ಬಂದರೂ, ಮೂತ್ರದಲ್ಲಿ ರಕ್ತಕಣ ಇದ್ದರೆ, ಬಿಪಿ ಜಾಸ್ತಿ ಇದ್ದರೆ, ಬಾವು ಇದ್ದರೆ, ರಕ್ತದ ಆಲ್ಬುಮಿನ್ ಕಮ್ಮಿ ಅಥವಾ ಕ್ರಿಯಾಟಿನಿನ್ ಹೆಚ್ಚು ಇದ್ದರೆ, ಇದು ನಿರಪಾಯ ಅಂತ ಹೇಳುವ ಹಾಗಿಲ್ಲ. ಎರಡು ಕ್ಯಾನಿನ ಪರೀಕ್ಷೆ ಉಳಿದೆಲ್ಲ ಸರಿ ಇದ್ದಾಗ ಮಾತ್ರ ಧೈರ್ಯ ಕೊಡುತ್ತದೆ.

ಬೆಳಗಿನ ಮೂತ್ರಕ್ಕೆ ಇನ್ನೊಂದು ಬಲ ಉಂಟು, ಅದನ್ನು ಆ ಅಪ್ಪನಿಗೆ ಹೇಳಿದಾಗಲೇ ಅವರ ಮುಖ ಸಡಿಲ ಆದದ್ದು. ಪಟ್ಟಿ ನೋಡುವುದು ಪ್ರೋಟೀನ್ ಎಷ್ಟು ದಟ್ಟವಾಗಿದೆ ಅಂತ ಮಾತ್ರ. ನೀರು ಕಮ್ಮಿ ಕುಡಿದು ಮೂತ್ರ ಗಟ್ಟಿಯಾಗಿದ್ದರೆ ಸುಮ್ನೆ ಒಂದು ಪ್ಲಸ್ ಬರಬಹುದು, ನೀರು ಜಾಸ್ತಿ ಕುಡಿದರೆ ಇರುವುದೂ ಕಾಣದೆ ಹೋಗಬಹುದು. ಬೆಳಗಿನ ಮೂತ್ರ ಇಡೀ ದಿನದಲ್ಲೇ ಹೆಚ್ಚು ಗಟ್ಟಿ. ರೋಗ ಇದ್ದರೆ ಪ್ಲಸ್ ಎದ್ದು ಕಾಣಬೇಕಾದ್ದು ಅಲ್ಲಿಯೇ. ಅಷ್ಟು ಗಟ್ಟಿ ಮೂತ್ರದಲ್ಲಿ ನಿಲ್ ಬಂದು, ತೆಳ್ಳಗಿನ ಮಧ್ಯಾಹ್ನದ ಮೂತ್ರದಲ್ಲಿ ಎರಡು ಪ್ಲಸ್ ಬಂದರೆ ಅದಕ್ಕೆ ನೀರಿನ ನೆಪ ಹೇಳಲು ಆಗುವುದಿಲ್ಲ, ನಿಲುವಿನದ್ದೇ ಕಾರಣ.

ಮುಂದಿನ ವಾರಗಳಲ್ಲಿ ಎರಡು ಸಲ ಬೆಳಗಿನ ಮೂತ್ರ ಮನೆಯಲ್ಲೇ ಹಿಡಿದು ತಂದರು, ರಾತ್ರಿ ಮಲಗುವ ಮುಂಚೆ ಚೀಲ ಖಾಲಿ ಮಾಡಿ, ಬೆಳಿಗ್ಗೆ ಎದ್ದ ಕೂಡಲೇ. ಅನುಪಾತ 0.08, ಇನ್ನೊಮ್ಮೆ 0.06. ಬಯಾಪ್ಸಿ ಬೇಡ ಅಂತ ಬರೆದೆ. ಔಷಧ ಇಲ್ಲ. ಉಪ್ಪು, ಮೀನು, ಮೊಟ್ಟೆ ಎಲ್ಲ ಹಿಂದಿನ ಹಾಗೆ, ವಾಲಿಬಾಲೂ. ಎಡ ಅಭಿಧಮನಿ ಒತ್ತುತ್ತಿದೆಯೇ ಅಂತ ಡಾಪ್ಲರ್ ಮಾಡಿಸಬೇಕಾ ಅಂತ ಅಪ್ಪ ಕೇಳಿದರು. ಬೇಡ ಅಂದೆ. ಸೊಂಟ ನೋವು ಇಲ್ಲ, ರಕ್ತ ಹೋಗುತ್ತಿಲ್ಲ, ಒತ್ತಿದೆ ಅಂತ ಗೊತ್ತಾದರೂ ಮಾಡುವ ಚಿಕಿತ್ಸೆ ಏನೂ ಇಲ್ಲ. ಇನ್ನೊಂದು ಹೆದರಿಸುವ ಹೆಸರು ಮಾತ್ರ ಮನೆಗೆ ಹೋಗುತ್ತದೆ.

"ಮುಂದೆ ದೊಡ್ಡವನಾದ ಮೇಲೆ?" ಅಂತ ಅಮ್ಮ. ಇದಕ್ಕೆ ಉತ್ತರ ಕೊಡಲು ನಮಗೆ ಹಳೆಯ ದಾಖಲೆ ಇದೆ. ಥಾಮಸ್ ಆಡಿಸ್ ಎಂಬ ವೈದ್ಯರು ಈ ಸ್ಥಿತಿ ಅಂತ ಗುರುತಿಸಿದ್ದ 6 ಮಂದಿಯನ್ನು 40ರಿಂದ 50 ವರ್ಷಗಳ ನಂತರ ಹುಡುಕಿ ನೋಡಿದ ವರದಿ 1981ರಲ್ಲಿ ಬಂತು, ಅವರ ಕಿಡ್ನಿ ಇದರಿಂದ ಹಾಳಾಗಿರಲಿಲ್ಲ. ಆರು ಜನ ಸಣ್ಣ ಸಂಖ್ಯೆ, ನಿಜ. ಮರುವರ್ಷ ಬಂದ, 20 ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು. ಹೆಚ್ಚಿನವರಲ್ಲಿ ವಯಸ್ಸಾಗುತ್ತ ಇದು ತಾನಾಗಿ ಹೋಗುತ್ತದೆ.

ಆದರೂ ವರ್ಷಕ್ಕೊಮ್ಮೆ ಬಿಪಿ ಮತ್ತು ಬೆಳಗಿನ ಮೊದಲ ಮೂತ್ರ ನೋಡುತ್ತೇನೆ, ಯಾಕೆಂದರೆ ಶುರುವಿನ ಹಂತದ ಯಾವುದೋ ರೋಗ ಮೊದಲು ಹಗಲಿನಲ್ಲಿ ಮಾತ್ರ ತಲೆ ತೋರಿಸಿ ಆಮೇಲೆ ರಾತ್ರಿಗೂ ಹಬ್ಬುವುದು ಅಪರೂಪಕ್ಕೆ ಆಗಬಹುದು. ಬೆಳಗಿನ ಅನುಪಾತ 0.2 ದಾಟಿತು ಅಂದರೆ ಫೈಲು ಮತ್ತೆ ಮೊದಲಿನಿಂದ ತೆರೆಯುತ್ತೇನೆ. ಅವನ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ "ಬೆಳಗಿನ ಮೊದಲ ಮೂತ್ರ, ಮನೆಯಲ್ಲಿ ಹಿಡಿದದ್ದು" ಅಂತ ಬರೆದಿಟ್ಟಿದ್ದೇನೆ, ನಾನಿಲ್ಲದ ದಿನ ಬೇರೆ ಯಾರಾದರೂ ನೋಡಿದರೂ ಗೊತ್ತಾಗಲಿ ಅಂತ.

ಒಂದು ವರ್ಷದ ನಂತರ ಪಿಯುಸಿ ಸೇರುವಾಗ ವೈದ್ಯಕೀಯ ಪ್ರಮಾಣಪತ್ರಕ್ಕೆ ಮತ್ತೆ ಮೂತ್ರ ಪರೀಕ್ಷೆ, ಮಧ್ಯಾಹ್ನ ಹನ್ನೆರಡಕ್ಕೆ. ಮತ್ತೆ ಎರಡು ಪ್ಲಸ್. ಈ ಸಲ ಹುಡುಗ ಹೆದರಲಿಲ್ಲ, ನಾನು ಬರೆದು ಕೊಟ್ಟ ಚೀಟಿ ಬ್ಯಾಗಿನಲ್ಲೇ ಇತ್ತು. ಅದರಲ್ಲಿ ಹಗಲಿನ ಮತ್ತು ರಾತ್ರಿಯ ಅಂಕಿಗಳು, ತಾರೀಕು, ರೋಗದ ಹೆಸರು, ಮತ್ತು ಬೆಳಗಿನ ಮಾದರಿ ನೋಡಿ ಎಂಬ ವಿನಂತಿ. ಮರುದಿನ ಬೆಳಿಗ್ಗೆ ಆರೂವರೆಯ ಮೂತ್ರ ತೆಗೆದುಕೊಂಡು ಹೋದ. ನಿಲ್ ಬಂತು, ಅನುಪಾತ 0.07, ಬಿಪಿ 116/72, ತೂಕ 57 ಕೆಜಿ. ಫಾರ್ಮಿಗೆ ಸಹಿ ಸಿಕ್ಕಿತು. ಮುಂದಿನ ಪರೀಕ್ಷೆ ಬರುವ ಜೂನ್‌ನಲ್ಲಿ.